ಮನೆ ದಾರಿಗೆ ಜಲ್ಲಿ ಎಷ್ಟು, ಲೋಡ್ ಎಷ್ಟು? ಕೊಡಗಿನ ಮನೆಗಳಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮುಖ್ಯ ರಸ್ತೆಯಿಂದ ಗೇಟು ದಾಟಿ ಮನೆ ಅಂಗಳದವರೆಗೆ ಬರುವ ದಾರಿಗೆ ಕ್ರಷರ್ ಜಲ್ಲಿ ಹಾಕಿಸುವವರಿಗಾಗಿ ಇದನ್ನು ಬರೆದಿದ್ದೇನೆ. ಕಾಂಕ್ರೀಟು, ಇಂಟರ್‌ಲಾಕ್, ಡಾಂಬರು ಇಲ್ಲಿ ಬರುವುದಿಲ್ಲ. ಕೆಂಪು ಗ್ರಾವೆಲ್ ಮಣ್ಣಿನ ಲೆಕ್ಕವೂ ಬೇರೆ, ಅದನ್ನೂ ಬಿಟ್ಟಿದ್ದೇನೆ.

ಮೊದಲು ಸುಮ್ನೆ ಲೆಕ್ಕ ಹೇಳಿಬಿಡಿ. ಹೇಗೆ ಮಾಡೋದು?

ಉದ್ದ ಮತ್ತು ಅಗಲ ಅಡಿಯಲ್ಲಿ, ಆಳ ಇಂಚಿನಲ್ಲಿ ತೆಗೆದುಕೊಳ್ಳಿ. ಮೂರನ್ನೂ ಗುಣಿಸಿ 12ರಿಂದ ಭಾಗಿಸಿ. ಬರುವುದು ಘನ ಅಡಿ, ಅಂದರೆ ಎಲ್ಲರೂ ಹೇಳುವ ಸಿಎಫ್‌ಟಿ.

```
ಸಿಎಫ್‌ಟಿ = ಉದ್ದ (ಅಡಿ) × ಅಗಲ (ಅಡಿ) × ಆಳ (ಇಂಚು) ÷ 12
ಲೋಡ್ = ಸಿಎಫ್‌ಟಿ × ಕುಗ್ಗುವ ಅಂಶ ÷ ಟಿಪ್ಪರ್ ಬಾಡಿಯ ಸಿಎಫ್‌ಟಿ
```

ಆ 12ನ್ನು ಮರೆಯುವವರು ಬಹಳ ಜನ. ಮರೆತರೆ ಉತ್ತರ ಹನ್ನೆರಡು ಪಟ್ಟು ಜಾಸ್ತಿ ಬರುತ್ತದೆ, ಹಾಗಾಗಿ ತಕ್ಷಣ ಗೊತ್ತಾಗಿಬಿಡುತ್ತದೆ. ನಿಜವಾಗಿ ಕೈಕೊಡುವುದು ಎರಡನೇ ಸಾಲು. ಅದರಲ್ಲಿರುವ ಕುಗ್ಗುವ ಅಂಶವನ್ನು ಬಿಟ್ಟವರಿಗೆ ಜಲ್ಲಿ ಸಾಲುವುದಿಲ್ಲ, ಬಾಡಿಯ ಅಳತೆ ಕೇಳದವರಿಗೆ ಲೋಡ್ ಲೆಕ್ಕ ತಪ್ಪುತ್ತದೆ. ಮುಂದಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡರ ಸುತ್ತಲೇ ಇವೆ.

ಆಳ ಅಂದರೆ ಸುರಿದಾಗಿನ ಆಳವೋ, ರೋಲರ್ ಹೊಡೆದ ಮೇಲಿನ ಆಳವೋ?

ನಿಮಗೆ ಬೇಕಾಗಿರುವುದು ರೋಲರ್ ಹೊಡೆದ ಮೇಲಿನ ಆಳ. ಟಿಪ್ಪರ್‌ನಲ್ಲಿ ಬರುವುದು ಸಡಿಲ ಜಲ್ಲಿ. ಎರಡೂ ಒಂದೇ ಅಲ್ಲ, ದಾರಿಯ ಲೆಕ್ಕ ತಪ್ಪುವುದು ಹೆಚ್ಚಾಗಿ ಇಲ್ಲೇ.

ಸಡಿಲವಾಗಿ ಸುರಿದ ಜಲ್ಲಿಯಲ್ಲಿ ಕಲ್ಲಿನ ನಡುವೆ ಖಾಲಿ ಜಾಗ ಜಾಸ್ತಿ. 20 ಎಂಎಂ ಒಂದೇ ಸೈಜಿನ ಜಲ್ಲಿಯಾದರೆ ರಾಶಿಯ ಹತ್ತರಲ್ಲಿ ನಾಲ್ಕು ಭಾಗ ಬರೀ ಗಾಳಿ. ರೋಲರ್ ಓಡಿದಾಗ ಕಲ್ಲುಗಳು ತಿರುಗಿ ಒಂದಕ್ಕೊಂದು ಕಚ್ಚಿ ಕೂರುತ್ತವೆ, ಎತ್ತರ ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಅನ್ನುವುದು ಮಾಲಿನ ಮೇಲೆ ನಿಂತಿದೆ. ಕೆಳಪದರಕ್ಕೆ ಹಾಕುವ ಜಿಎಸ್‌ಬಿಯಲ್ಲಿ ದೊಡ್ಡ ಕಲ್ಲಿನಿಂದ ಪುಡಿಯವರೆಗೆ ಎಲ್ಲ ಸೈಜೂ ಬೆರೆತಿರುತ್ತದೆ. ಸಣ್ಣದು ದೊಡ್ಡದರ ಸಂದಿಗೆ ಇಳಿಯುವುದರಿಂದ ಅದು ಜಾಸ್ತಿ ಕುಗ್ಗುತ್ತದೆ. ಅದಕ್ಕೆ ನಾನು 1.3 ಹಿಡಿಯುತ್ತೇನೆ. ಅಂದರೆ ರೋಲರ್ ಆದ ಮೇಲೆ 100 ಸಿಎಫ್‌ಟಿ ಬೇಕಿದ್ದರೆ 130 ಸಿಎಫ್‌ಟಿ ತರಿಸಬೇಕು. ಮೇಲೆ ಹಾಸುವ 20 ಎಂಎಂ ಜಲ್ಲಿ ಅಷ್ಟು ಕುಗ್ಗುವುದಿಲ್ಲ, ಅದಕ್ಕೆ 1.15 ಸಾಕು.

ಲೋಕೋಪಯೋಗಿ ಕೆಲಸ ಮಾಡಿದ ಮೇಸ್ತ್ರಿಗಳಿಗೆ ಇದು ಚೆನ್ನಾಗಿ ಗೊತ್ತು. ಹಳೆಯ ವಾಟರ್ ಬೌಂಡ್ ಮೆಕಾಡಂ ರಸ್ತೆಗಳಲ್ಲಿ 3 ಇಂಚಿನ ಗಟ್ಟಿ ಪದರಕ್ಕೆ 4 ಇಂಚು ಸಡಿಲ ಜಲ್ಲಿ ಹರಡುವುದೇ ವಾಡಿಕೆ. ಅದೂ ಸುಮಾರು 1.33 ಆಯಿತು, ಅಲ್ವಾ?

ಕೆಲವರು ರೋಲರ್ ತರಿಸುವುದೇ ಇಲ್ಲ. "ಕಾರು ಓಡಾಡಿ ಓಡಾಡಿ ಗಟ್ಟಿಯಾಗುತ್ತೆ" ಅನ್ನುತ್ತಾರೆ. ಗಟ್ಟಿಯೇನೋ ಆಗುತ್ತದೆ, ಆದರೆ ಚಕ್ರ ಹೋಗುವ ಎರಡು ಪಟ್ಟಿಯಲ್ಲಿ ಮಾತ್ರ. ಆ ಎರಡು ಪಟ್ಟಿ ತಗ್ಗಾಗಿ ಮೊದಲ ಮಳೆಗೇ ತೋಡಾಗುತ್ತದೆ. ರೋಲರ್ ಬಾಡಿಗೆ ಉಳಿಸಲು ಹೋಗಬೇಡಿ.

ನಮ್ಮ ಕಡೆ ದಾರಿಗೆ ಎಷ್ಟು ಇಂಚು ಬೇಕು?

ಕಾರು, ಜೀಪು, ಪಿಕಪ್ ಓಡಾಡುವ ದಾರಿಗೆ, ಕೆಳಗೆ ಗಟ್ಟಿ ಮಣ್ಣಿದ್ದರೆ, ಜಿಎಸ್‌ಬಿ 5 ಇಂಚು ಮತ್ತು ಮೇಲೆ 20 ಎಂಎಂ ಜಲ್ಲಿ 2 ಇಂಚು ಹಾಕಿಸುತ್ತೇನೆ. ಎರಡೂ ರೋಲರ್ ಆದ ಮೇಲಿನ ಆಳ. ಕಾಫಿ ಚೀಲ ತುಂಬಿದ ಲಾರಿ ಕಣದವರೆಗೆ ಬರುವುದಾದರೆ ಕೆಳಪದರವನ್ನು 8 ಇಂಚಿಗೆ ಏರಿಸುವುದು ಒಳ್ಳೆಯದು.

ಮಣ್ಣನ್ನು ನೋಡದೆ ಇಂಚು ಹೇಳುವುದು ಕಷ್ಟ. ಒಂದು ಸುಲಭದ ಪರೀಕ್ಷೆ ಇದೆ. ಒಳ್ಳೆಯ ಮಳೆ ಬಂದ ಮಾರನೇ ದಿನ ದಾರಿಯಲ್ಲಿ ನಡೆದು ನೋಡಿ. ಬೂಟಿನ ಹಿಮ್ಮಡಿ ಕಾಲು ಇಂಚೂ ಇಳಿಯದಿದ್ದರೆ ಮೇಲಿನ ಲೆಕ್ಕ ಸಾಕು. ಒಂದು ಇಂಚಿನಷ್ಟು ಇಳಿದರೆ ಕೆಳಪದರಕ್ಕೆ ಇನ್ನೂ 3 ಇಂಚು ಸೇರಿಸಿ, ಇಲ್ಲವೇ ಮಣ್ಣಿನ ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಹಳೆಯ ಗದ್ದೆಯ ಮೇಲೆ ದಾರಿ ಹೋಗುತ್ತಿದ್ದರೆ ಇದ್ಯಾವುದೂ ನಿಲ್ಲುವುದಿಲ್ಲ. ಅಲ್ಲಿ ಮೊದಲು ದಪ್ಪ ಕಲ್ಲಿನ ಸೋಲಿಂಗ್ ಆಗಬೇಕು, ಆಮೇಲೆ ಜಲ್ಲಿಯ ಮಾತು.

ಮಳೆಯೂ ಲೆಕ್ಕಕ್ಕೆ ಬರುತ್ತದೆ. ಮಡಿಕೇರಿ, ಭಾಗಮಂಡಲ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ಕುಶಾಲನಗರದ ಕಡೆ ಅದಕ್ಕಿಂತ ತುಂಬಾ ಕಡಿಮೆ. ಹಾಗಾಗಿ ಕುಶಾಲನಗರದ ನೆಂಟರ ಮನೆ ದಾರಿಗೆ 4 ಇಂಚು ಸಾಕಾಯಿತು ಅಂದರೆ ಅದನ್ನೇ ನಾಪೋಕ್ಲಿಗೆ ತರಬೇಡಿ.

ದಾರಿಯ ಅಗಲ ಎಲ್ಲಾ ಕಡೆ ಒಂದೇ ಇಲ್ಲ. ತಿರುವಿದೆ, ಗೇಟ್ ಹತ್ತಿರ ಅಗಲ ಆಗುತ್ತೆ. ಏನು ಮಾಡಲಿ?

ತುಂಡು ತುಂಡು ಮಾಡಿ. ನೇರ ಭಾಗ ಒಂದು ತುಂಡು, ತಿರುವಿನ ಹೆಚ್ಚುವರಿ ಇನ್ನೊಂದು, ಗೇಟಿನ ಹತ್ತಿರ ಎರಡು ಕಡೆ ಹರಡುವ ತ್ರಿಕೋನ ಮತ್ತೊಂದು, ಕಾರು ತಿರುಗಿಸುವ ಜಾಗ ಕೊನೆಯದು. ಪ್ರತಿಯೊಂದರ ಚದರ ಅಡಿ ಬೇರೆ ಬೇರೆ ಬರೆದು ಕೂಡಿಸಿ. ಆಮೇಲೆ ಆಳದಿಂದ ಒಮ್ಮೆ ಗುಣಿಸಿದರೆ ಸಾಕು.

ಮರೆತುಹೋಗುವುದು ಯಾವಾಗಲೂ ಗೇಟು ಮತ್ತು ಕಾರು ತಿರುಗಿಸುವ ಜಾಗ. ಮುಂದಿನ ಉದಾಹರಣೆಯಲ್ಲಿ ಇವೆರಡೇ ಸೇರಿ ಒಟ್ಟು ದಾರಿಯ ಸುಮಾರು ಕಾಲು ಭಾಗ ಆಗುತ್ತವೆ, ನೋಡಿ.

ನಮ್ಮದು ಏರು ದಾರಿ. ಉದ್ದವನ್ನು ನಕ್ಷೆಯಲ್ಲಿ ಅಳೆದರೆ ಆಗುತ್ತಾ?

ಟೇಪನ್ನು ನೆಲದ ಮೇಲೇ ಎಳೆಯಿರಿ, ಸಂಶಯವೇ ಬೇಡ. ನಕ್ಷೆ ಕೊಡುವುದು ಮಟ್ಟದ ಉದ್ದ. ಆದರೆ ವ್ಯತ್ಯಾಸ ಜನ ಹೆದರುವಷ್ಟು ಇರುವುದಿಲ್ಲ. 5 ಅಡಿಗೆ 1 ಅಡಿ ಏರುವ ಕಡಿದಾದ ದಾರಿಯಲ್ಲೂ ನಕ್ಷೆಯ 160 ಅಡಿ ನೆಲದ ಮೇಲೆ 163 ಅಡಿ ಆಗುತ್ತದೆ, ಅಷ್ಟೇ.

ಏರಿನ ನಿಜವಾದ ತೊಂದರೆ ಅಳತೆಯದ್ದಲ್ಲ. 8 ಅಡಿಗೆ 1 ಅಡಿಗಿಂತ ಕಡಿದಾದರೆ ಮೇಲಿನ ಬಿಡಿ ಜಲ್ಲಿ ಚಕ್ರಕ್ಕೆ ಸಿಕ್ಕಿ ಕೆಳಗೆ ಉರುಳುತ್ತಲೇ ಇರುತ್ತದೆ. ಅಂಥ ಭಾಗಕ್ಕೆ ಎರಡು ಚಕ್ರದ ಪಟ್ಟಿಗೆ ಕಾಂಕ್ರೀಟ್ ಹಾಕಿಸಿ, ಜಲ್ಲಿಯನ್ನು ಮಟ್ಟದ ಭಾಗಕ್ಕೆ ಇಟ್ಟುಕೊಳ್ಳಿ. ವರ್ಷ ವರ್ಷ ಜಲ್ಲಿ ತರಿಸುವುದಕ್ಕಿಂತ ಅದೇ ಅಗ್ಗ.

ಒಂದು ದಾರಿಯ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಿ.

ಮೂರ್ನಾಡು ಕಡೆಯ ಒಂದು ತೋಟದ ಮನೆ ಅಂದುಕೊಳ್ಳಿ. ಗೇಟಿನಿಂದ ಅಂಗಳಕ್ಕೆ 160 ಅಡಿ, ಅಗಲ 10 ಅಡಿ. ಮಣ್ಣು ಗಟ್ಟಿಯಾಗಿದೆ, ಏರು ಕಡಿಮೆ.

ನೇರ ದಾರಿ 160 × 10, ಅಂದರೆ 1600 ಚದರ ಅಡಿ. ನಡುವೆ ಒಂದು ತಿರುವು, ಅಲ್ಲಿ 30 ಅಡಿ ಉದ್ದಕ್ಕೆ 2 ಅಡಿ ಹೆಚ್ಚು ಅಗಲ ಬೇಕು, ಅದು 60. ಗೇಟಿನ ಎರಡೂ ಕಡೆ 10 ಅಡಿಗೆ 10 ಅಡಿಯ ತ್ರಿಕೋನ. ಒಂದೊಂದು 50, ಎರಡು ಸೇರಿ 100. ಅಂಗಳದ ಮುಂದೆ ಕಾರು ತಿರುಗಿಸಲು 20 × 20, ಅದು 400. ಒಟ್ಟು 2160 ಚದರ ಅಡಿ.

ಕೆಳಪದರ 5 ಇಂಚು: 2160 × 5 ÷ 12 = 900 ಸಿಎಫ್‌ಟಿ. ಇದು ರೋಲರ್ ಆದ ಮೇಲಿನದು. 1.3ರಿಂದ ಗುಣಿಸಿದರೆ ತರಿಸಬೇಕಾದ ಜಿಎಸ್‌ಬಿ 1170 ಸಿಎಫ್‌ಟಿ.

ಮೇಲ್ಪದರ 2 ಇಂಚು: 2160 × 2 ÷ 12 = 360. ಇದಕ್ಕೆ 1.15 ಹಿಡಿದರೆ 20 ಎಂಎಂ ಜಲ್ಲಿ 414 ಸಿಎಫ್‌ಟಿ.

ಇನ್ನೊಂದು ಉಳಿದಿದೆ, ಜಲ್ಲಿಪುಡಿ. ಮೇಲ್ಪದರದ ಜಲ್ಲಿ ಅಲುಗಾಡದಂತೆ ಸಂದಿಗಳಿಗೆ ಪುಡಿ ತುಂಬಬೇಕು. ಅದು ಸಂದಿಗೇ ಇಳಿಯುವುದರಿಂದ ದಾರಿಯ ಎತ್ತರ ಏರುವುದಿಲ್ಲ. ಅದಕ್ಕೇ ಆಳದ ಲೆಕ್ಕದಲ್ಲಿ ಪುಡಿ ಎಲ್ಲೂ ಕಾಣಿಸುವುದಿಲ್ಲ, ಬೇರೆಯಾಗಿ ಬರೆಯಬೇಕು. ಜಲ್ಲಿಯ ಮೂರನೇ ಒಂದು ಭಾಗ ಹಿಡಿಯಿರಿ. ಇಲ್ಲಿ ಸುಮಾರು 140 ಸಿಎಫ್‌ಟಿ.

ಆರು ಚಕ್ರದ ಟಿಪ್ಪರ್, ಬಾಡಿ 210 ಸಿಎಫ್‌ಟಿ ಅಂತ ಇಟ್ಟುಕೊಂಡರೆ ಜಿಎಸ್‌ಬಿ 5.57 ಲೋಡ್, ಅಂದರೆ 6. ಜಲ್ಲಿ ಲೆಕ್ಕದಲ್ಲಿ 1.97, ಅಂದರೆ 2 ಲೋಡ್ ಸರಿಯಾಗಿ. ಪುಡಿ ಮುಕ್ಕಾಲು ಲೋಡಿಗೂ ಸ್ವಲ್ಪ ಕಡಿಮೆ. ಎಲ್ಲಾ ಸೇರಿ 9 ಟ್ರಿಪ್.

ಈಗ ಇದೇ ದಾರಿಯನ್ನು ಬರೀ 160 × 10 × 7 ಇಂಚು ಅಂತ ಹಿಡಿದು, ಕುಗ್ಗುವುದನ್ನು ಬಿಟ್ಟು ನೋಡಿ. 933 ಸಿಎಫ್‌ಟಿ, ನಾಲ್ಕೂವರೆ ಲೋಡ್. ಬೇಕಾದದ್ದರ ಅರ್ಧ. "ಕಾಂಟ್ರಾಕ್ಟರ್ ಡಬಲ್ ಹೇಳ್ತಿದ್ದಾರೆ" ಅನ್ನುವ ಜಗಳ ಶುರುವಾಗುವುದು ಎಷ್ಟೋ ಸಲ ಇಲ್ಲಿಂದಲೇ.

ಒಂದು ಲೋಡ್ ಅಂದರೆ ಎಷ್ಟು?

ಯಾರೂ ಹೇಳಲಾರರು. ಲೋಡ್ ಒಂದು ಅಳತೆಯೇ ಅಲ್ಲ. ಟ್ರ್ಯಾಕ್ಟರ್ ಟ್ರೈಲರ್ ತುಂಬಿದರೂ ಲೋಡ್, ಹತ್ತು ಚಕ್ರದ ಟಿಪ್ಪರ್ ತುಂಬಿದರೂ ಲೋಡ್. ಫೋನ್ ಮಾಡಿದಾಗ ಲೋಡಿಗೆ ಎಷ್ಟು ಅಂತ ಕೇಳಬೇಡಿ. "ಅಣ್ಣ, ಬಾಡಿ ಒಳಗಡೆ ಉದ್ದ ಅಗಲ ಎತ್ತರ ಎಷ್ಟು? ಮಟ್ಟ ತುಂಬಿದರೆ ಎಷ್ಟು ಸಿಎಫ್‌ಟಿ?" ಅಂತ ಕೇಳಿ. ಯೂನಿಟ್ ಲೆಕ್ಕದಲ್ಲಿ ಹೇಳುವವರೂ ಇದ್ದಾರೆ, ಒಂದು ಯೂನಿಟ್ ಅಂದರೆ 100 ಸಿಎಫ್‌ಟಿ.

ಆರು ಚಕ್ರದ ಒಂದು ಟಿಪ್ಪರ್ ಬಾಡಿ ಒಳಗಡೆ 12 ಅಡಿ ಉದ್ದ, 7 ಅಡಿ ಅಗಲ, ಎರಡೂವರೆ ಅಡಿ ಎತ್ತರ ಇದ್ದರೆ 210 ಸಿಎಫ್‌ಟಿ. ಟ್ರ್ಯಾಕ್ಟರ್ ಟ್ರೈಲರ್ 10 × 6 × 1.5 ಇದ್ದರೆ 90. ಅಂದರೆ ಮೇಲಿನ ಲೆಕ್ಕದ ಜಿಎಸ್‌ಬಿ ಟಿಪ್ಪರ್‌ನಲ್ಲಿ 6 ಟ್ರಿಪ್, ಟ್ರ್ಯಾಕ್ಟರ್‌ನಲ್ಲಿ 13.

ಅಳತೆ ಒಳಗಡೆಯದ್ದೇ ಆಗಬೇಕು. ಹೊರಗಿನಿಂದ ಅಳೆದರೆ ತಗಡು, ಪಟ್ಟಿ ಎಲ್ಲಾ ಸೇರಿಕೊಂಡು ಲೆಕ್ಕ ಉಬ್ಬುತ್ತದೆ. ಕೆಲವು ಬಾಡಿಗಳಲ್ಲಿ ಮುಂದಿನ ಗೋಡೆಗೆ ಜಾಕ್ ಮುಚ್ಚುವ ಡಬ್ಬ ಇರುತ್ತದೆ, ಹಿಂದಿನ ಬಾಗಿಲು ಓರೆಯಾಗಿರುತ್ತದೆ. ಅದನ್ನೂ ಕಳೆಯಿರಿ.

ಕ್ರಷರ್‌ನಲ್ಲಿ ಟನ್ ಲೆಕ್ಕ ಹೇಳ್ತಾರೆ. ಸಿಎಫ್‌ಟಿಗೆ ಹೇಗೆ ಬದಲಾಯಿಸೋದು?

ಸಡಿಲ 20 ಎಂಎಂ ಜಲ್ಲಿ ಒಂದು ಸಿಎಫ್‌ಟಿಗೆ ಸುಮಾರು 42 ಕೆಜಿ. ಜಿಎಸ್‌ಬಿ ಸುಮಾರು 48, ಜಲ್ಲಿಪುಡಿ 47ರ ಆಸುಪಾಸು. ನಮ್ಮ ಉದಾಹರಣೆಯಲ್ಲಿ ಜಿಎಸ್‌ಬಿ 56 ಟನ್, ಜಲ್ಲಿ 17 ಟನ್, ಪುಡಿ ಆರೂವರೆ ಟನ್, ಒಟ್ಟು 80 ಟನ್ ಹತ್ತಿರ. ಮೀಟರ್ ಲೆಕ್ಕ ಹೇಳುವವರು ಸಿಕ್ಕರೆ ಒಂದು ಘನ ಮೀಟರಿಗೆ 35.3 ಸಿಎಫ್‌ಟಿ.

ತೂಕದ ಲೆಕ್ಕದಲ್ಲಿ ಇನ್ನೊಂದು ಅನುಕೂಲವಿದೆ, ಸುಳ್ಳು ಬೇಗ ಸಿಕ್ಕಿಬೀಳುತ್ತದೆ. ಎರಡು ಆಕ್ಸಲ್‌ನ ಆರು ಚಕ್ರದ ಲಾರಿಗೆ 2018ರ ನಿಯಮದಂತೆ ಗಾಡಿ ಮತ್ತು ಸರಕು ಸೇರಿ 18.5 ಟನ್ ಮಿತಿ. ಗಾಡಿಯ ತೂಕ ಕಳೆದರೆ ಸರಕಿಗೆ 10, 11 ಟನ್ ಉಳಿಯುತ್ತದೆ. 210 ಸಿಎಫ್‌ಟಿ ಜಿಎಸ್‌ಬಿ 10 ಟನ್ ಆಗುತ್ತದೆ, ಸರಿ ಹೊಂದುತ್ತದೆ. ಯಾರಾದರೂ ಆರು ಚಕ್ರದಲ್ಲಿ 350 ಸಿಎಫ್‌ಟಿ ತರುತ್ತೇನೆ ಅಂದರೆ ಅದು 17 ಟನ್. ಒಂದೋ ಅಷ್ಟು ಇರುವುದಿಲ್ಲ, ಇಲ್ಲವೇ ಓವರ್‌ಲೋಡ್. ಎರಡೂ ನಿಮಗೆ ಬೇಡ.

ಒಂದು ಎಚ್ಚರಿಕೆ. ಪುಡಿ ಮತ್ತು ಜಿಎಸ್‌ಬಿ ನೀರು ಹಿಡಿದುಕೊಳ್ಳುತ್ತವೆ. ಮಳೆ ನೆನೆದ ರಾಶಿಯಿಂದ ಟನ್ ಲೆಕ್ಕದಲ್ಲಿ ಕೊಂಡರೆ ನೀರಿಗೂ ದುಡ್ಡು ಕೊಟ್ಟ ಹಾಗೆ. 20 ಎಂಎಂ ಜಲ್ಲಿಯಲ್ಲಿ ಈ ತೊಂದರೆ ಕಡಿಮೆ, ನೀರು ಬಸಿದು ಹೋಗುತ್ತದೆ.

ಬಂದ ಟಿಪ್ಪರ್ ಪೂರ್ತಿ ತುಂಬಿದೆಯಾ ಅಂತ ನೋಡೋದು ಹೇಗೆ?

ಸುರಿಯುವ ಮೊದಲೇ ನೋಡಬೇಕು. ಒಂದು ಕಬ್ಬಿಣದ ಸರಳಿಗೆ ಇಂಚಿನ ಗುರುತು ಹಾಕಿಟ್ಟುಕೊಳ್ಳಿ. ಒಬ್ಬರು ಬಾಡಿ ಹತ್ತಿ ನಾಲ್ಕು ಮೂಲೆಯಲ್ಲಿ ಮತ್ತು ನಡುವೆ, ಬಾಡಿಯ ಅಂಚಿನಿಂದ ಜಲ್ಲಿ ಎಷ್ಟು ಕೆಳಗಿದೆ ಅಂತ ನೋಡಲಿ. ನಡುವೆ ಗುಡ್ಡೆ ಕಾಣಿಸಿದರೆ ಖುಷಿಪಡಬೇಡಿ, ಮೂಲೆಗಳು ಅರ್ಧ ಅಡಿ ಖಾಲಿ ಇರಬಹುದು. ಕೆಳಗಿನಿಂದ ನೋಡುವವರಿಗೆ ಕಾಣುವುದು ಗುಡ್ಡೆ ಮಾತ್ರ.

12 × 7ರ ಬಾಡಿಯಲ್ಲಿ ಸರಾಸರಿ 3 ಇಂಚು ಕಡಿಮೆ ಇದ್ದರೆ 21 ಸಿಎಫ್‌ಟಿ ಹೋಯಿತು. ಆರು ಲೋಡಿನಲ್ಲಿ ಹಾಗೇ ಆದರೆ ಅರ್ಧ ಲೋಡಿಗೂ ಹೆಚ್ಚು ಕಡಿಮೆ ಬಂದಂತಾಯಿತು.

ಹಾಗಂತ ಡ್ರೈವರ್ ಮೇಲೆ ಹರಿಹಾಯುವುದೂ ಸರಿಯಲ್ಲ. ಕ್ರಷರ್‌ನಲ್ಲಿ ಮಟ್ಟ ತುಂಬಿದ ಜಲ್ಲಿ ನಮ್ಮ ರಸ್ತೆಗಳ ಗುಂಡಿಯಲ್ಲಿ ಕುಲುಕಿ ಕುಲುಕಿ ಒಂದೆರಡು ಇಂಚು ಇಳಿಯುವುದು ಸಹಜ. ಮಾಲು ಅಷ್ಟೇ ಇರುತ್ತದೆ, ಗಾಳಿ ಕಡಿಮೆಯಾಗಿರುತ್ತದೆ. ಒಂದೆರಡು ಇಂಚಿಗೆ ಸುಮ್ಮನಿರಿ, ಮೂರು ನಾಲ್ಕು ಇಂಚಾದರೆ ವೇಬ್ರಿಜ್ ಚೀಟಿ ಕೇಳಿ.

ನಾನು ಮನೆಯಲ್ಲಿ ಇರಲಿಲ್ಲ, ಸುರಿದು ಹೋಗಿದ್ದಾರೆ. ರಾಶಿ ಅಳೆಯಬಹುದಾ?

ಸುಮಾರಾಗಿ ಆಗುತ್ತದೆ. ರಾಶಿಯ ಬುಡದ ಸುತ್ತ ಟೇಪ್ ಹಿಡಿದು ಸುತ್ತಳತೆ ತೆಗೆದುಕೊಳ್ಳಿ, ನಡುವಿನ ಎತ್ತರ ನೋಡಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಿ, 38ರಿಂದ ಭಾಗಿಸಿ. ಸುತ್ತಳತೆ 40 ಅಡಿ, ಎತ್ತರ 5 ಅಡಿ ಇದ್ದರೆ 40 × 40 × 5 ÷ 38, ಸುಮಾರು 210 ಸಿಎಫ್‌ಟಿ. ಅಂದರೆ ಆ ಲೋಡ್ ಸರಿ ಇದೆ.

ಇದು ಶಂಕುವಿನಂತೆ ದುಂಡಗೆ ನಿಂತ ರಾಶಿಗೆ ಮಾತ್ರ. ಟಿಪ್ಪರ್ ಮುಂದೆ ಸರಿಯುತ್ತಾ ಸುರಿದಿದ್ದರೆ ರಾಶಿ ಉದ್ದವಾಗುತ್ತದೆ, ಇಳಿಜಾರಿನಲ್ಲಿ ಸುರಿದಿದ್ದರೆ ಒಂದು ಕಡೆ ಹರಿಯುತ್ತದೆ. ಆಗ ಹತ್ತು ಹದಿನೈದು ಪರ್ಸೆಂಟ್ ಆಚೀಚೆ ಆಗಬಹುದು. ಜಗಳಕ್ಕೆ ಇದು ಸಾಕ್ಷಿಯಾಗದು, ಸಂಶಯ ಬಗೆಹರಿಸಿಕೊಳ್ಳಲು ಸಾಕು.

ಟಿಪ್ಪರ್ ಎಲ್ಲೆಲ್ಲಿ ಸುರಿಯಬೇಕು ಅಂತ ಹೇಳಬೇಕಾ?

ಹೇಳಲೇಬೇಕು. ಇಲ್ಲದಿದ್ದರೆ ಆರು ಲೋಡೂ ಗೇಟಿನ ಹತ್ತಿರ ಒಂದೇ ಗುಡ್ಡೆಯಾಗಿ, ಅದನ್ನು ಹರಡಲು ಜೆಸಿಬಿಗೆ ಗಂಟೆಗಟ್ಟಲೆ ಬಾಡಿಗೆ ಕೊಡುತ್ತೀರಿ.

ಲೆಕ್ಕ ಇಲ್ಲೂ ಸಹಾಯಕ್ಕೆ ಬರುತ್ತದೆ. ಗಟ್ಟಿಯಾದ ಮೇಲೆ 5 ಇಂಚು ಬೇಕಿದ್ದರೆ ಸಡಿಲವಾಗಿ ಆರೂವರೆ ಇಂಚು ಹರಡಬೇಕು. 210 ಸಿಎಫ್‌ಟಿ ಆರೂವರೆ ಇಂಚಿನ ದಪ್ಪಕ್ಕೆ 10 ಅಡಿ ಅಗಲದ ದಾರಿಯಲ್ಲಿ ಸುಮಾರು 39 ಅಡಿ ಹೋಗುತ್ತದೆ. ಆದರೆ ತೋಟದ ಮನೆಗಳಿಗೆ ಬರುವುದು ಸಾಮಾನ್ಯವಾಗಿ ಸಣ್ಣ ರೋಲರ್. ಅದು ಆರೂವರೆ ಇಂಚಿನ ತಳದವರೆಗೆ ಗಟ್ಟಿ ಮಾಡುವುದಿಲ್ಲ, ಮೇಲೆ ಮಾತ್ರ ನುಣುಪಾಗಿ ಕಾಣುತ್ತದೆ. ಹಾಗಾಗಿ ಎರಡು ಸಲ ಹರಡಿ, ಪ್ರತಿ ಸಲ ಮೂರೂಕಾಲು ಇಂಚು. ಆಗ ಒಂದು ಲೋಡ್ 77 ಅಡಿ ಓಡುತ್ತದೆ. ದಾರಿಯ ಬದಿಗೆ 77 ಅಡಿಗೊಂದು ಸುಣ್ಣದ ಗೆರೆ ಎಳೆದು "ಒಂದು ಲೋಡ್ ಈ ಗೆರೆಯಿಂದ ಆ ಗೆರೆಗೆ" ಅಂತ ಡ್ರೈವರ್‌ಗೆ, ಜೆಸಿಬಿಯವರಿಗೆ ತೋರಿಸಿ. ಲೋಡ್ ಗೆರೆ ಮುಟ್ಟುವ ಮೊದಲೇ ಮುಗಿದರೆ ಒಂದೋ ದಪ್ಪ ಜಾಸ್ತಿಯಾಗಿದೆ, ಇಲ್ಲವೇ ಲೋಡ್ ಕಡಿಮೆ ಬಂದಿದೆ. ಸರಳು ಚುಚ್ಚಿ ನೋಡಿದರೆ ಯಾವುದು ಅಂತ ಅಲ್ಲೇ ಗೊತ್ತಾಗುತ್ತದೆ.

ಗೇಟಿನಿಂದ ಶುರು ಮಾಡಿ ಮನೆ ಕಡೆಗೆ ಹೋಗಿ. ಹಿಂದಿನ ಲೋಡ್ ಹಾಸಿದ ಮೇಲೆಯೇ ಮುಂದಿನ ಟಿಪ್ಪರ್ ಓಡುತ್ತದೆ, ಮೆತ್ತನೆಯ ಮಣ್ಣು ಕದಡುವುದಿಲ್ಲ.

ಬಾಡಿ ಎತ್ತುವ ಜಾಗದಲ್ಲಿ ಮೇಲೆ ನೋಡುವುದನ್ನು ಮರೆಯಬೇಡಿ. ಸಿಲ್ವರ್ ಓಕ್ ಕೊಂಬೆ ಮುರಿದರೆ ಹೋಗಲಿ, ಕರೆಂಟ್ ವಯರ್ ತಾಗಿದರೆ ಜೀವ ಹೋಗುತ್ತದೆ.

ದೊಡ್ಡ ಟಿಪ್ಪರ್ ಮನೆವರೆಗೆ ಬರಲ್ಲ ಅಂದ್ರೆ?

ಕೊಡಗಿನಲ್ಲಿ ಇದು ಮಾಮೂಲು. ಗೇಟಿನ ಮೋರಿಗೆ ಒಂದು ಅಡಿಯ ಸಿಮೆಂಟ್ ಪೈಪ್ ಹಾಕಿ ಮೇಲೆ ಮಣ್ಣು ಮುಚ್ಚಿದ್ದರೆ 18 ಟನ್ನಿನ ಗಾಡಿಗೆ ಅದು ಒಡೆಯುತ್ತದೆ. ಆಗ ಎರಡು ದಾರಿ. ಕ್ರಷರ್‌ನಿಂದಲೇ ಸಣ್ಣ ಗಾಡಿಯಲ್ಲಿ ತರಿಸಿ, ಟ್ರಿಪ್ ಹೆಚ್ಚಾಗುತ್ತದೆ. ಇಲ್ಲವೇ ದೊಡ್ಡ ಟಿಪ್ಪರ್ ಗೇಟಿನ ಹೊರಗೆ ನಿಮ್ಮದೇ ಜಾಗದಲ್ಲಿ ಸುರಿಯಲಿ, ಅಲ್ಲಿಂದ ಟ್ರ್ಯಾಕ್ಟರ್‌ನಲ್ಲಿ ಒಳಗೆ ಸಾಗಿಸಿ.

ಎರಡನೆಯದರಲ್ಲಿ ಜೆಸಿಬಿ ಬಕೆಟ್ ನೆಲ ಕೆರೆಯುವಾಗ ಅಡಿಯ ಜಲ್ಲಿ ಮಣ್ಣಿನ ಜೊತೆ ಬೆರೆತು ಹಾಳಾಗುತ್ತದೆ, ನೂರಕ್ಕೆ ಐದರಷ್ಟು ಜಾಸ್ತಿ ತರಿಸಿ. ಪಂಚಾಯಿತಿ ರಸ್ತೆಯ ಮೇಲೆ ಮಾತ್ರ ಸುರಿಸಬೇಡಿ.

ದಾರಿಯ ನಡು ಎತ್ತರ, ಬದಿ ತಗ್ಗು ಇರಬೇಕಂತೆ. ಅದಕ್ಕೆ ಬೇರೆ ಜಲ್ಲಿ ಬೇಕಾ?

ನೀವು ಅದನ್ನು ಯಾವುದರಿಂದ ಮಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. 10 ಅಡಿ ದಾರಿಯಲ್ಲಿ ನಡು ಬದಿಗಿಂತ ಸುಮಾರು ಎರಡೂವರೆ ಇಂಚು ಎತ್ತರ ಇದ್ದರೆ ನೀರು ಚರಂಡಿಗೆ ಓಡುತ್ತದೆ. ಮಣ್ಣನ್ನು ಮಟ್ಟವಾಗಿ ಬಿಟ್ಟು ಆ ಏರನ್ನು ಜಲ್ಲಿಯಿಂದಲೇ ಮಾಡಿದರೆ ಸರಾಸರಿ ಒಂದೂಕಾಲು ಇಂಚು ಹೆಚ್ಚು ಜಲ್ಲಿ ಬೇಕು. 1600 ಚದರ ಅಡಿಗೆ ಅದು 167 ಸಿಎಫ್‌ಟಿ, ಕುಗ್ಗುವುದು ಸೇರಿದರೆ ಒಂದು ಪೂರ್ತಿ ಲೋಡ್! ಜೆಸಿಬಿ ಮಣ್ಣು ಕೆರೆಯುವಾಗಲೇ ನಡು ಎತ್ತರ ಬಿಟ್ಟು ಕೆರೆಯಲು ಹೇಳಿ. ಆಗ ಜಲ್ಲಿ ಎಲ್ಲಾ ಕಡೆ ಒಂದೇ ದಪ್ಪ, ಲೆಕ್ಕವೂ ಬದಲಾಗುವುದಿಲ್ಲ.

ಇದೇ ಹೊತ್ತಿಗೆ ಇನ್ನೊಂದು ಮಾತು. ಮಣ್ಣು ತೆಗೆದು ದಾರಿಯನ್ನು ತೊಟ್ಟಿಯಂತೆ ಬಿಟ್ಟು ಅದರಲ್ಲಿ ಜಲ್ಲಿ ತುಂಬುವವರಿದ್ದಾರೆ. ಬದಿಗೆ ನೀರು ಹೋಗಲು ದಾರಿ ಇಲ್ಲದಿದ್ದರೆ ಜುಲೈ ಹೊತ್ತಿಗೆ ಅದು ನೀರು ತುಂಬಿದ ತೊಟ್ಟಿಯೇ. ತಗ್ಗಿನ ಬದಿಯಲ್ಲಿ 15, 20 ಅಡಿಗೊಂದು ಸೀಳು ಬಿಟ್ಟು ಚರಂಡಿಗೆ ಸೇರಿಸಿ.

ಲೆಕ್ಕ ಸರಿ ಇತ್ತು, ಲೋಡೂ ಸರಿ ಬಂತು, ಆದರೂ ಜಲ್ಲಿ ಸಾಲಲಿಲ್ಲ. ಯಾಕೆ?

ಹಾಗಾದರೆ ಜಲ್ಲಿ ಮಣ್ಣಿನೊಳಗೆ ಹೋಗಿರಬಹುದು, ಇಲ್ಲವೇ ಕೆಲವು ಕಡೆ ದಪ್ಪ ಹೆಚ್ಚಾಗಿ ಬಿದ್ದಿರಬಹುದು. ಗೊತ್ತುಮಾಡಿಕೊಳ್ಳುವುದು ಸುಲಭ. ದಾರಿಯಲ್ಲಿ ಒಂದು ಕಡೆ ಹಾರೆಯಿಂದ ಸಣ್ಣ ಗುಂಡಿ ತೆಗೆಯಿರಿ. ಜಲ್ಲಿ ಮುಗಿದು ಕೆಂಪು ಮಣ್ಣು ಶುರುವಾಗುವ ಗೆರೆ ಚೆನ್ನಾಗಿ ಕಂಡರೆ ಮಣ್ಣಿನ ತಪ್ಪಲ್ಲ, ಆ ಜಾಗದಲ್ಲಿ ದಪ್ಪ ಹೆಚ್ಚಾಗಿ ಬಿದ್ದಿದೆ. ಗೆರೆಯೇ ಇಲ್ಲದೆ ಎರಡು ಮೂರು ಇಂಚು ಕಲ್ಲು ಮತ್ತು ಕೆಸರು ಕಲಸಿಕೊಂಡಿದ್ದರೆ, ಮೆತ್ತನೆಯ ಮಣ್ಣು ಜಲ್ಲಿಯನ್ನು ನುಂಗಿದೆ. ಮಳೆಗಾಲದಲ್ಲಿ ಕಲ್ಲಿನ ಸಂದಿಯಿಂದ ಕೆಂಪು ರಾಡಿ ಮೇಲೆ ಬರುವುದೂ ಇದೇ ರೋಗ.

ಇದರ ಮೇಲೆ ಮತ್ತೆರಡು ಲೋಡ್ 20 ಎಂಎಂ ಸುರಿಯುವುದು ದುಡ್ಡು ದಂಡ, ಅದೂ ಒಳಗೆ ಹೋಗುತ್ತದೆ. ಆ ಭಾಗವನ್ನು ಮಾತ್ರ ಕೆರೆದು ತೆಗೆದು, ಬಟ್ಟೆ ಹಾಸಿ ಇಲ್ಲವೇ ಸೋಲಿಂಗ್ ಹಾಕಿ, ಮತ್ತೆ ಜಿಎಸ್‌ಬಿ ಹಾಕಿ. ಸಾಮಾನ್ಯವಾಗಿ ಇಡೀ ದಾರಿ ಹಾಳಾಗಿರುವುದಿಲ್ಲ, ಊಟೆ ನೀರು ಬರುವ ಒಂದೆರಡು ಕಡೆ ಮಾತ್ರ.

ಯಾವ ತಿಂಗಳಲ್ಲಿ ಹಾಕಿಸೋದು ಒಳ್ಳೆಯದು?

ಕಾಫಿ ಕೊಯ್ಲು ಮುಗಿದ ಮೇಲೆ, ಮಾರ್ಚ್ ಏಪ್ರಿಲ್. ಆಳು ಸಿಗುತ್ತಾರೆ, ಟಿಪ್ಪರ್ ಒಳಗೆ ಬರಬಹುದು. ಹೂ ಮಳೆ ಒಂದೆರಡು ಬಿದ್ದಿದ್ದರೆ ಇನ್ನೂ ಒಳ್ಳೆಯದು, ಜಿಎಸ್‌ಬಿ ಒದ್ದೆ ಇದ್ದರೆ ರೋಲರ್‌ಗೆ ಚೆನ್ನಾಗಿ ಕೂರುತ್ತದೆ. ಒಣಗಿದ್ದರೆ ಟ್ಯಾಂಕರ್ ನೀರು ಹೊಡೆಸಬೇಕು. ಜೂನ್ ಆದ ಮೇಲೆ ಬೇಡ. ಮಳೆಗಾಲದಲ್ಲಿ ಜಿಲ್ಲಾಡಳಿತ ಭಾರೀ ವಾಹನಗಳಿಗೆ ನಿರ್ಬಂಧ ಹಾಕುವುದೂ ಉಂಟು.

ಒಮ್ಮೆಗೇ ಎಲ್ಲಾ ಲೋಡ್ ಹೇಳಿಬಿಡಲಾ?

ಜಿಎಸ್‌ಬಿ 6 ಲೆಕ್ಕ ಬಂದಿದ್ದರೆ 5 ಹೇಳಿ. ಐದನೆಯದು ಹರಡಿ ರೋಲರ್ ಆದ ಮೇಲೆ ಉಳಿದ ಜಾಗ ಅಳೆದು ಕೊನೆಯದನ್ನು ಹೇಳಿ. ಬಾಕಿ ಅರ್ಧ ಲೋಡ್ ಮಾತ್ರ ಬೇಕಾದರೆ ಆ ಟ್ರಿಪ್ಪಿಗೆ ಸಣ್ಣ ಗಾಡಿ ಕರೆಯಬಹುದು.

ಮೊಬೈಲ್‌ನಲ್ಲಿ ಎಕ್ಸೆಲ್ ಇದೆ. ಸೂತ್ರ ಕೊಡ್ತೀರಾ?

A2ರಲ್ಲಿ ಒಟ್ಟು ಚದರ ಅಡಿ, B2ರಲ್ಲಿ ಇಂಚು, C2ರಲ್ಲಿ ಕುಗ್ಗುವ ಅಂಶ, D2ರಲ್ಲಿ ಬಾಡಿಯ ಸಿಎಫ್‌ಟಿ ಹಾಕಿ:

```
=ROUNDUP(A2*B2/12*C2/D2,0)
```

2160, 5, 1.3, 210 ಹಾಕಿದರೆ 6 ಬರಬೇಕು. ಬರದಿದ್ದರೆ ಯಾವುದೋ ಅಂಕಿ ತಪ್ಪು ಮನೆಯಲ್ಲಿದೆ.

ವರ್ಷ ವರ್ಷ ಮತ್ತೆ ಹಾಕಿಸಬೇಕಾ, ಎಷ್ಟು?

ಕೆಳಪದರ ಗಟ್ಟಿ ಇದ್ದರೆ ಅದನ್ನು ಮುಟ್ಟುವ ಅಗತ್ಯ ಇಲ್ಲ. ಎರಡು ಮೂರು ಮಳೆಗಾಲ ಕಳೆದ ಮೇಲೆ ಮೇಲ್ಪದರ ತೆಳುವಾಗಿ ಜಿಎಸ್‌ಬಿಯ ದೊಡ್ಡ ಕಲ್ಲು ತಲೆ ತೋರಿಸಲು ಶುರು ಮಾಡುತ್ತದೆ. ಆಗ ಮೊದಲು ಬದಿಗೆ ಸರಿದ ಜಲ್ಲಿಯನ್ನು ಪಿಕಾಸಿ, ಹಲುಬೆ ಹಿಡಿದು ನಡುವಿಗೆ ಎಳೆಸಿ. ಅದರಲ್ಲೇ ಎಷ್ಟೋ ಸಿಗುತ್ತದೆ. ಅದಾದ ಮೇಲೂ ಒಂದು ಇಂಚು ಬೇಕೆನಿಸಿದರೆ ನಮ್ಮ 2160 ಚದರ ಅಡಿಗೆ 180 ಸಿಎಫ್‌ಟಿ, ಕುಗ್ಗುವುದು ಸೇರಿ 207. ಆರು ಚಕ್ರದ ಟಿಪ್ಪರ್‌ನಲ್ಲಿ ಒಂದೇ ಲೋಡ್.